ಎತ್ತರಿಸಿದ ಮೇಲೂ ಟೈರ್ ಉಜ್ಜುವುದೇಕೆ?

ಗಾಡಿಯನ್ನು ಎತ್ತರಿಸಿದರೆ ದೊಡ್ಡ ಟೈರ್‌ಗೆ ಜಾಗ ತಾನಾಗಿಯೇ ಸಿಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಜಾಗ ಸಿಗುವುದು ಟೈರಿನ ಮೇಲುಗಡೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ತಾಗುವುದು ಹಿಂದೆ ಅಥವಾ ಮುಂದೆ.

ನನ್ನ ಫೋರ್ ವೀಲ್ ಡ್ರೈವ್ ಗಾಡಿಯನ್ನು 50 ಮಿ.ಮೀ. ಎತ್ತರಿಸಿ, 245/70 ಆರ್ 16 ಟೈರ್ ತೆಗೆದು 265/75 ಆರ್ 16 ಹಾಕಿದ್ದೆ. ವ್ಯಾಸ ಸುಮಾರು 54 ಮಿ.ಮೀ. ಹೆಚ್ಚಿತು. ಅಂದರೆ ಟೈರಿನ ಅಂಚು ಎಲ್ಲ ಕಡೆಗೂ 27 ಮಿ.ಮೀ. ಮುಂಚಾಚಿತು. ಹೊಸ ಅಲಾಯ್ ಚಕ್ರದ ಆಫ್‌ಸೆಟ್, ಅಂದರೆ ಚಕ್ರದ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕಿರುವ ದೂರ, 30 ಮಿ.ಮೀ.ನಿಂದ ಸೊನ್ನೆಗೆ ಇಳಿದಿದ್ದರಿಂದ ಚಕ್ರ 30 ಮಿ.ಮೀ. ಹೊರಗೆ ಬಂತು. ನೋಡುವುದಕ್ಕೆ ಚೆನ್ನ, ಆದರೆ ತೊಂದರೆಯ ಬೇರು ಇಲ್ಲಿಯೇ ಇತ್ತು. ಚಕ್ರ ತನ್ನ ಮಧ್ಯದ ಮೇಲೆ ತಿರುಗುವುದಿಲ್ಲ, ಒಳಗಿರುವ ಸ್ಟಿಯರಿಂಗ್ ಅಕ್ಷದ ಸುತ್ತ ತಿರುಗುತ್ತದೆ. ಅಕ್ಷದಿಂದ ದೂರವಾದಷ್ಟೂ ಅದು ಸುತ್ತುವ ವೃತ್ತ ದೊಡ್ಡದಾಗುತ್ತದೆ. ಬಲಕ್ಕೆ 35 ಡಿಗ್ರಿ ತಿರುಗಿಸಿದರೆ ಆ 30 ಮಿ.ಮೀ. ಕಾರಣಕ್ಕೇ ಬಲಚಕ್ರ ಇನ್ನೂ 17 ಮಿ.ಮೀ. ಹಿಂದೆ ಸರಿಯುತ್ತದೆ, ಎಡಚಕ್ರ ಅಷ್ಟೇ ಮುಂದೆ ಹೋಗುತ್ತದೆ. ಒಟ್ಟು ಲೆಕ್ಕ ಹಾಕಿದರೆ ಹಿಂದಿನ ಲೈನರ್, ಅಂದರೆ ಮುಂಚಕ್ರದ ಗೂಡಿನ ಹಿಂಬದಿಯ ಪ್ಲಾಸ್ಟಿಕ್ ಹೊದಿಕೆಯ ಕಡೆಗೆ 44 ಮಿ.ಮೀ. ಜಾಗ ಹೋಯಿತು.

ತಾಗುವ ಜಾಗ ಪತ್ತೆಮಾಡಲು ಟೈರಿನ ಭುಜಕ್ಕೆ ಸೀಮೆಸುಣ್ಣ ದಪ್ಪಗೆ ಬಳಿದು, ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ನಿಧಾನವಾಗಿ ಓಡಿಸಿದೆ. ಮುಂದೆ ಹೋಗುತ್ತಲೇ ಬ್ರೇಕ್ ಒತ್ತಿಯೂ ನೋಡಬೇಕು; ಆಗ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಬಾಗಿ ಚಕ್ರ ಮತ್ತಷ್ಟು ಹಿಂದೆ ಸರಿಯುತ್ತದೆ. ಗುರುತು ಬಿದ್ದದ್ದು ಹಿಂದಿನ ಲೈನರಿನ ಒಳಭಾಗದಲ್ಲಿ. ಟೈರಿನ ಒಳಗೋಡೆ ಚಾಸಿಗೋ ಸ್ಟೆಬಿಲೈಸರ್ ಬಾರ್‌ಗೋ ತಾಗುತ್ತಿದ್ದರೆ ಅದು ಬೇರೆಯದೇ ಕಾಯಿಲೆ. ಅದಕ್ಕೆ ಸ್ಟಿಯರಿಂಗ್ ಸ್ಟಾಪ್ ಬೋಲ್ಟನ್ನು ಸ್ವಲ್ಪ ಹೊರಕ್ಕೆ ಬಿಡಬಹುದು; ಗಾಡಿ ತಿರುಗಲು ಹೆಚ್ಚು ಜಾಗ ಬೇಕಾಗುತ್ತದೆ ಎನ್ನುವುದೇ ಅದರ ಬೆಲೆ.

ಕತ್ತರಿಗೆ ಮೊದಲು ನಾನು ಅಲೈನ್‌ಮೆಂಟ್‌ಗೆ ಹೋದೆ. ಎತ್ತರಿಸಿದಾಗ ಕಡಿಮೆಯಾಗಿದ್ದ ಕ್ಯಾಸ್ಟರನ್ನು, ಅಂದರೆ ಸ್ಟಿಯರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನವನ್ನು, ಸಸ್ಪೆನ್ಷನ್ನಿನ ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್‌ಗಳಿಂದ ಹೆಚ್ಚಿಸಿದ್ದಕ್ಕೆ ಚಕ್ರ ಕೆಲವು ಮಿ.ಮೀ. ಮುಂದೆ ಬಂತು. ಇದನ್ನು ಅತಿ ಮಾಡಿದರೆ ಮುಂದಿನ ಬಂಪರ್ ಕಡೆ ಉಜ್ಜಲು ಶುರುವಾಗುತ್ತದೆ. ಉಳಿದದ್ದಕ್ಕೆ ಲೈನರಿನ ಕ್ಲಿಪ್ ಬಿಚ್ಚಿ, ಹಿಂದೆ ವೈರಿಂಗ್ ಇಲ್ಲವೆಂದು ಖಚಿತಪಡಿಸಿಕೊಂಡು, ಹೀಟ್ ಗನ್ನಿನಿಂದ ಪ್ಲಾಸ್ಟಿಕ್ ಮೆತ್ತಗಾಗುವಷ್ಟು ಬಿಸಿಮಾಡಿ ಒಳಕ್ಕೆ ಒತ್ತಿ ಹಿಡಿದು ತಣಿಸಿದೆ. ಅದರ ಹಿಂದೆ ನೆಟ್ಟಗೆ ನಿಂತಿದ್ದ ತಗಡಿನ ಮಡಿಕೆಯನ್ನು ಸುತ್ತಿಗೆಯಿಂದ ಬಗ್ಗಿಸಿ ತುಕ್ಕುನಿರೋಧಕ ಪ್ರೈಮರ್ ಬಳಿದೆ. ಪ್ಲಾಸ್ಟಿಕ್ ಉಜ್ಜಿದರೆ ಸದ್ದಷ್ಟೇ, ತಗಡು ಮಾತ್ರ ಟೈರನ್ನು ಸೀಳುತ್ತದೆ.

ಕೊನೆಗೆ ಒಂದು ಮುಂಚಕ್ರವನ್ನು ಇಳಿಜಾರು ಹಲಗೆಯ ಮೇಲೆ ಹತ್ತಿಸಿ, ಸ್ಪ್ರಿಂಗ್ ಅದುಮಿದ ಸ್ಥಿತಿಯಲ್ಲಿ ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದೆ. ಸಮತಟ್ಟಿನಲ್ಲಿ ಸುಮ್ಮನಿದ್ದ ಟೈರ್ ಇಲ್ಲಿ ಲೈನರನ್ನು ತುಸು ಸವರಿತು. ಅದಕ್ಕಾಗಿ ಲೈನರನ್ನು ಕತ್ತರಿಸುವ ಬದಲು, ಆಫ್‌ಸೆಟ್ 20 ಇರುವ ಅಲಾಯ್ ಹುಡುಕುತ್ತಿದ್ದೇನೆ.