ಸಾಲ ಅಲ್ಲೇ ಇದೆ, ಬಡ್ಡಿ ಮಾತ್ರ ಅದಲುಬದಲು: ಒಂದು ಕಾಫಿ ಕ್ಯೂರಿಂಗ್ ಕಂಪನಿಯ ಸ್ವಾಪ್ ಲೆಕ್ಕ

ನಾನು ಕುಶಾಲನಗರದ ಹತ್ತಿರದ ಒಂದು ಕಾಫಿ ಕ್ಯೂರಿಂಗ್ ಕಂಪನಿಯಲ್ಲಿ ಹಣಕಾಸು ನೋಡಿಕೊಳ್ಳುತ್ತೇನೆ. 2022ರ ಏಪ್ರಿಲ್‌ನಿಂದ 2025ರ ಮಾರ್ಚ್‌ವರೆಗೆ ನಮ್ಮ ಸಾಲದ ಒಂದು ಭಾಗಕ್ಕೆ ಬಡ್ಡಿ ದರದ ಸ್ವಾಪ್ ಮಾಡಿಕೊಂಡಿದ್ದೆವು. ಅದನ್ನು ಹೇಗೆ ಮಾಡಿದೆವು, ಲೆಕ್ಕ ಹೇಗೆ ನಡೆಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸಮಸ್ಯೆ ಸರಳವಾಗಿತ್ತು. ಹೊಸ ಗೋದಾಮು ಮತ್ತು ಯಂತ್ರಗಳಿಗೆ ತೆಗೆದ 16 ಕೋಟಿ ಸಾಲಕ್ಕೆ ಫ್ಲೋಟಿಂಗ್ ಬಡ್ಡಿ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕ್‌ಗಳಿಗೆ ಸಾಲ ಕೊಡುವ ರೆಪೊ ದರದ ಮೇಲೆ 2.5 ಪರ್ಸೆಂಟ್. ಸಣ್ಣ ಉದ್ದಿಮೆಗಳಿಗೆ ಕೊಡುವ ಹೊಸ ಫ್ಲೋಟಿಂಗ್ ಸಾಲಗಳನ್ನು ಬ್ಯಾಂಕಿನ ಹೊರಗಿನ ಒಂದು ದರಕ್ಕೆ ಕಟ್ಟಬೇಕು ಅಂತ ರಿಸರ್ವ್ ಬ್ಯಾಂಕ್ 2019ರ ಅಕ್ಟೋಬರ್‌ನಿಂದ ನಿಯಮ ತಂದಿತು. ಹೆಚ್ಚಿನ ಬ್ಯಾಂಕ್‌ಗಳು ಅದಕ್ಕೆ ರೆಪೊವನ್ನೇ ಆರಿಸಿಕೊಂಡವು. ಹಾಗಾಗಿ ರೆಪೊ ಏರಿದರೆ ನಮ್ಮ ಬಡ್ಡಿಯೂ ಏರುತ್ತದೆ. ಆದರೆ ನಮ್ಮ ಆದಾಯ ಹಾಗಲ್ಲ. ರಫ್ತುದಾರರಿಗೆ ಕಾಫಿ ಸಂಸ್ಕರಿಸಿ ಕೊಡುವ ಕೂಲಿಯನ್ನು ಸೀಸನ್ ಶುರುವಾಗುವ ಮುಂಚೆಯೇ ಮಾತಾಡಿ ಮುಗಿಸಿರುತ್ತೇವೆ. ನಡುವೆ ಬಡ್ಡಿ ಜಾಸ್ತಿ ಆಯ್ತು ಅಂತ ಯಾರ ಹತ್ತಿರವೂ ಹೆಚ್ಚಿಗೆ ಕೇಳೋಕೆ ಆಗಲ್ಲ.

2022ರ ಶುರುವಿನಲ್ಲಿ ರೆಪೊ 4 ಪರ್ಸೆಂಟ್ ಇತ್ತು, ನಮ್ಮ ಬಡ್ಡಿ 6.5. ಇನ್ನು ಏರುವುದೇ ಹೊರತು ಇಳಿಯಲು ಹೆಚ್ಚು ಜಾಗ ಇಲ್ಲ ಅಂತ ನನಗೆ ಅನ್ನಿಸಿತ್ತು. "ಹಾಗಾದ್ರೆ ಸಾಲವನ್ನೇ ಫಿಕ್ಸೆಡ್ ಬಡ್ಡಿಗೆ ಬದಲಿಸಿಬಿಡಿ" ಅಂದರು ಕಂಪನಿಯ ಮಾಲೀಕರಾದ ನಮ್ಮ ಸಾಹುಕಾರರು. ಅದಕ್ಕೆ ಹಳೆ ಸಾಲ ಮುಚ್ಚಬೇಕು, ಹೊಸ ಬ್ಯಾಂಕ್ ಹುಡುಕಬೇಕು, ಅಡಮಾನದ ಕಾಗದಗಳನ್ನೆಲ್ಲ ಮತ್ತೆ ಮಾಡಿಸಬೇಕು. ಸಾಲವನ್ನು ಮುಟ್ಟದೆ ಬಡ್ಡಿಯ ಸ್ವಭಾವ ಮಾತ್ರ ಬದಲಿಸುವ ದಾರಿ ಸ್ವಾಪ್.

ಅವರಿಗೆ ನಾನು ವಿವರಿಸಿದ್ದು ಹೀಗೆ. ಮೈಸೂರಿನಲ್ಲಿ ಒಂದು ಫೈನಾನ್ಸ್ ಕಂಪನಿ ಇದೆ ಅಂದುಕೊಳ್ಳಿ. ಅದು 10 ಕೋಟಿ ಸಾಲ ಎತ್ತಿದೆ, ಬಡ್ಡಿ 8.5ಕ್ಕೆ ಫಿಕ್ಸೆಡ್. ಆದರೆ ತನ್ನ ಗ್ರಾಹಕರಿಗೆ ಫ್ಲೋಟಿಂಗ್ ಬಡ್ಡಿಗೆ ಸಾಲ ಕೊಟ್ಟಿದೆ. ದರ ಇಳಿದರೆ ಅದರ ಆದಾಯ ಇಳಿಯುತ್ತದೆ, ಖರ್ಚು ಇಳಿಯಲ್ಲ. ನಮಗೆ ದರ ಏರುವ ಭಯ, ಅವರಿಗೆ ಇಳಿಯುವ ಭಯ. ಇಬ್ಬರೂ ಒಂದು ಒಪ್ಪಂದ ಮಾಡಿಕೊಳ್ಳುತ್ತೇವೆ. 10 ಕೋಟಿಯ ಮೇಲೆ ನಾವು ಅವರಿಗೆ ವರ್ಷಕ್ಕೆ 5.5 ಪರ್ಸೆಂಟ್ ಕೊಡುತ್ತೇವೆ, ದರ ಎಲ್ಲಿಗೇ ಹೋದರೂ ಅಷ್ಟೇ. ಅವರು ನಮಗೆ ಅದೇ 10 ಕೋಟಿಯ ಮೇಲೆ ಆಗಿನ ಮಾರುಕಟ್ಟೆ ದರ ಕೊಡುತ್ತಾರೆ.

ಈ 10 ಕೋಟಿ ಲೆಕ್ಕಕ್ಕೆ ಮಾತ್ರ. ಆ ದುಡ್ಡು ಅವರಿಂದ ನಮಗೆ ಬರಲ್ಲ, ನಮ್ಮಿಂದ ಅವರಿಗೂ ಹೋಗಲ್ಲ. ಇದನ್ನು ಸಾಹುಕಾರರಿಗೆ ಒಪ್ಪಿಸೋಕೆ ಸ್ವಲ್ಪ ಹೊತ್ತು ಹಿಡಿಯಿತು. "ನಮ್ಮ ಸಾಲ ಅವರು ಕಟ್ತಾರಾ?" ಅಂತ ಕೇಳಿದರು. "ಇಲ್ಲ ಸರ್, ನಮ್ಮ ಬ್ಯಾಂಕಿಗೆ ನಾವೇ ಕಟ್ಟಬೇಕು. ಅವರ ಸಾಲ ಅವರೇ ಕಟ್ಟಬೇಕು. ಪಕ್ಕದಲ್ಲಿ ಇನ್ನೊಂದು ಲೆಕ್ಕ ಮಾತ್ರ ನಡೆಯುತ್ತದೆ" ಅಂದೆ.

ಆ ಪಕ್ಕದ ಲೆಕ್ಕ ಸೇರಿದರೆ ಏನಾಗುತ್ತದೆ ನೋಡಿ. ಮಾರುಕಟ್ಟೆ ದರ 4 ಇದ್ದರೆ ನಮ್ಮ ಸಾಲಕ್ಕೆ 6.5 ಕಟ್ಟುತ್ತೇವೆ, ಸ್ವಾಪಿನಲ್ಲಿ 5.5 ಕೊಟ್ಟು 4 ಪಡೆಯುತ್ತೇವೆ. ಒಟ್ಟು 8. ದರ 6.5 ಆದರೆ ಸಾಲಕ್ಕೆ 9 ಕಟ್ಟುತ್ತೇವೆ, ಸ್ವಾಪಿನಲ್ಲಿ 5.5 ಕೊಟ್ಟು 6.5 ಪಡೆಯುತ್ತೇವೆ. ಆಗಲೂ 8. ಅತ್ತ ಫೈನಾನ್ಸ್ ಕಂಪನಿ ತನ್ನ ಸಾಲಕ್ಕೆ 8.5 ಕಟ್ಟುತ್ತದೆ, ನಮ್ಮಿಂದ 5.5 ಪಡೆಯುತ್ತದೆ, ನಮಗೆ ಮಾರುಕಟ್ಟೆ ದರ ಕೊಡುತ್ತದೆ. ಅಂದರೆ ಅವರ ಒಟ್ಟು ಖರ್ಚು ಮಾರುಕಟ್ಟೆ ದರದ ಮೇಲೆ 3 ಪರ್ಸೆಂಟ್. ಅವರ ಫಿಕ್ಸೆಡ್ ಸಾಲ ಫ್ಲೋಟಿಂಗ್ ಆಯ್ತು, ನಮ್ಮ ಫ್ಲೋಟಿಂಗ್ ಸಾಲ ಫಿಕ್ಸೆಡ್ ಆಯ್ತು.

ಎರಡು ಕಡೆಯಿಂದಲೂ ಪೂರ್ತಿ ಬಡ್ಡಿ ಓಡಾಡುವುದಿಲ್ಲ. ಆರು ತಿಂಗಳಿಗೊಮ್ಮೆ ವ್ಯತ್ಯಾಸವನ್ನು ಮಾತ್ರ, ಯಾರು ಕೊಡಬೇಕೋ ಅವರು ಕೊಡುತ್ತಾರೆ.

ಇಲ್ಲಿ ಒಂದು ಮಾತು ಸೇರಿಸಬೇಕು. ನಮ್ಮಂಥ ಎರಡು ಕಂಪನಿಗಳು ನೇರವಾಗಿ ಕೂತು ಹೀಗೆ ಕೈಕುಲುಕುವ ಹಾಗಿಲ್ಲ. ನಡುವೆ ಬ್ಯಾಂಕ್ ಇರುತ್ತದೆ. ನಾವು ಬ್ಯಾಂಕಿನ ಜೊತೆ ಒಪ್ಪಂದ ಮಾಡುತ್ತೇವೆ, ಆ ಫೈನಾನ್ಸ್ ಕಂಪನಿಯಂಥವರು ಬೇರೆ ಕಡೆಯಿಂದ ಬ್ಯಾಂಕಿನ ಜೊತೆ ಮಾಡುತ್ತಾರೆ. ಎದುರುಗಡೆ ಯಾರಿದ್ದಾರೆ ಅಂತ ನಮಗೆ ಗೊತ್ತಾಗುವುದೇ ಇಲ್ಲ. ಬ್ಯಾಂಕ್ ತನ್ನ ಲಾಭವನ್ನು ಆ 5.5ರೊಳಗೇ ಸೇರಿಸಿರುತ್ತದೆ, ಬೇರೆ ಬಿಲ್ ಬರಲ್ಲ. ಅದಕ್ಕೇ ಒಂದಕ್ಕಿಂತ ಹೆಚ್ಚು ಬ್ಯಾಂಕ್‌ಗಳಿಂದ ಒಂದೇ ದಿನ, ಒಂದೇ ಹೊತ್ತಿಗೆ ದರ ಕೇಳಬೇಕು. ಬೆಳಿಗ್ಗೆ ಒಬ್ಬರದು, ಸಂಜೆ ಇನ್ನೊಬ್ಬರದು ಕೇಳಿದರೆ ಮಾರುಕಟ್ಟೆಯೇ ಸರಿದಿರುತ್ತದೆ, ಹೋಲಿಕೆ ಸುಳ್ಳಾಗುತ್ತದೆ.

ಕಾಗದಪತ್ರದ ಕೆಲಸ ಜಾಸ್ತಿ ಇದೆ. ಆಡಳಿತ ಮಂಡಳಿಯ ಠರಾವು ಬೇಕು, ಕಂಪನಿಯನ್ನು ಗುರುತಿಸುವ 20 ಅಕ್ಷರಗಳ ಎಲ್‌ಇಐ ನಂಬರ್ ಬೇಕು, ಇಸ್ಡಾ ಎಂಬ ಮಾಸ್ಟರ್ ಒಪ್ಪಂದಕ್ಕೆ ಸಹಿ ಹಾಕಬೇಕು. ಬ್ಯಾಂಕ್ ನಮ್ಮ ಹೆಸರಿನಲ್ಲಿ ಇದಕ್ಕಾಗಿ ಬೇರೆ ಮಿತಿಯನ್ನೂ ಮಂಜೂರು ಮಾಡುತ್ತದೆ, ಯಾಕೆಂದರೆ ನಾಳೆ ನಾವು ಕೊಡಬೇಕಾದ ವ್ಯತ್ಯಾಸ ಕೊಡದಿದ್ದರೆ ಅವರಿಗೆ ನಷ್ಟ. ನಮ್ಮಂಥ ಸಣ್ಣ ಬಳಕೆದಾರರು ಇರುವ ಸಾಲದ ಅಪಾಯ ತಗ್ಗಿಸೋಕೆ ಮಾತ್ರ ಸ್ವಾಪ್ ಮಾಡಬಹುದು. ಸುಮ್ನೆ ದರದ ಮೇಲೆ ಪಂದ್ಯ ಕಟ್ಟೋಕೆ ಅವಕಾಶ ಇಲ್ಲ.

ಇದರಿಂದಲೇ ಮೊತ್ತದ ಪ್ರಶ್ನೆ ಬಂತು. ಸಾಲ 16 ಕೋಟಿ ಇರುವಾಗ ಸ್ವಾಪ್ 10 ಕೋಟಿಗೆ ಯಾಕೆ? ನಾವು ವರ್ಷಕ್ಕೆ 2 ಕೋಟಿ ಅಸಲು ತೀರಿಸುತ್ತಿದ್ದೆವು. ಮೂರು ವರ್ಷ ಮುಗಿಯುವಾಗ 10 ಕೋಟಿ ಉಳಿಯುತ್ತದೆ. 16 ಕೋಟಿಗೆ ಸ್ವಾಪ್ ಮಾಡಿ ಮೊತ್ತ ಹಾಗೇ ಬಿಟ್ಟರೆ ಎರಡನೇ ವರ್ಷವೇ ಸಾಲಕ್ಕಿಂತ ಸ್ವಾಪ್ ದೊಡ್ಡದಾಗುತ್ತದೆ. ಕಂತಿನ ಜೊತೆಗೇ ಇಳಿಯುವ ಸ್ವಾಪ್ ಕೂಡ ಸಿಗುತ್ತದೆ. ಆದರೆ ಮೂರು ವರ್ಷವೂ ಖಂಡಿತ ಬಾಕಿ ಇರುವ ಭಾಗಕ್ಕೆ ಮಾತ್ರ ಮಾಡೋಣ ಅಂತ ನಾನು ಹಟ ಹಿಡಿದೆ. ಕಾಫಿಯಲ್ಲಿ ಒಂದು ಒಳ್ಳೆ ವರ್ಷ ಬಂದರೆ ಯಾರಿಗಾದರೂ ಮೊದಲು ನೆನಪಾಗುವುದು ಸಾಲ ತೀರಿಸುವುದು, ಅಲ್ವಾ? ಅದಕ್ಕೆ ಜಾಗ ಇಟ್ಟುಕೊಳ್ಳಬೇಕಿತ್ತು.

ಇನ್ನು ಮಾರುಕಟ್ಟೆ ದರ ಅಂದೆನಲ್ಲ, ಅದು ಯಾವುದು? ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ನಮ್ಮ ಸಾಲ ಇರುವುದು ರೆಪೊ ಮೇಲೆ. ರೂಪಾಯಿ ಸ್ವಾಪ್ ಹೆಚ್ಚಾಗಿ ನಡೆಯುವುದು ಮೈಬಾರ್ ಮೇಲೆ. ಬ್ಯಾಂಕ್‌ಗಳು ಒಂದು ರಾತ್ರಿಗೆ ಪರಸ್ಪರ ಸಾಲ ಕೊಡುವ ದರ ಅದು. ಎರಡೂ ಅಣ್ಣತಮ್ಮಂದಿರ ಹಾಗೆ ಒಟ್ಟಿಗೇ ನಡೆಯುತ್ತವೆ, ಆದರೆ ಹೆಜ್ಜೆಗೆ ಹೆಜ್ಜೆ ಅಲ್ಲ. 2021ರಲ್ಲಿ ಬ್ಯಾಂಕ್‌ಗಳ ಕೈಯಲ್ಲಿ ದುಡ್ಡು ತುಂಬಿ ತುಳುಕುತ್ತಿತ್ತು. ಆಗ ರೆಪೊ 4 ಇದ್ದರೂ ಮೈಬಾರ್ ಬಹಳ ಕಾಲ ಅದಕ್ಕಿಂತ ಸುಮಾರು ಅರ್ಧ ಪರ್ಸೆಂಟ್ ಕೆಳಗಿತ್ತು. ಹಾಗಿದ್ದರೆ ನಾವು ಸಾಲಕ್ಕೆ ಕಟ್ಟುವುದು ರೆಪೊ ಲೆಕ್ಕದಲ್ಲಿ, ಸ್ವಾಪಿನಲ್ಲಿ ಪಡೆಯುವುದು ಅದಕ್ಕಿಂತ ಕಡಿಮೆ. 10 ಕೋಟಿಗೆ ಅರ್ಧ ಪರ್ಸೆಂಟ್ ಅಂದರೆ ವರ್ಷಕ್ಕೆ 5 ಲಕ್ಷ. ಜೊತೆಗೆ ಮೈಬಾರ್ ದಿನಾ ಬದಲಾಗುತ್ತದೆ, ನಮ್ಮ ಸಾಲದ ದರ ಮೂರು ತಿಂಗಳಿಗೊಮ್ಮೆ. ಆದ್ದರಿಂದ ಮೇಲೆ ಹೇಳಿದ 8 ಪರ್ಸೆಂಟ್ ಗೋಡೆಗೆ ಹೊಡೆದ ಮೊಳೆಯಷ್ಟು ಭದ್ರ ಅಲ್ಲ. ಆಚೀಚೆ ಸ್ವಲ್ಪ ಆಡುತ್ತದೆ. ಸಾಹುಕಾರರಿಗೆ ಕೊಟ್ಟ ಟಿಪ್ಪಣಿಯಲ್ಲಿ 7.5ರಿಂದ 8.5 ಅಂತಲೇ ಬರೆದಿದ್ದೆ.

ಮೊದಲ ಆರು ತಿಂಗಳ ಲೆಕ್ಕ ಸೆಪ್ಟೆಂಬರ್ ಕೊನೆಗೆ ಮುಗಿಯಿತು. 2022ರ ಮೇ ತಿಂಗಳಿಂದ ರಿಸರ್ವ್ ಬ್ಯಾಂಕ್ ರೆಪೊ ಏರಿಸುತ್ತಾ ಬಂದಿತ್ತು: 4ರಿಂದ 4.4, ಜೂನ್‌ನಲ್ಲಿ 4.9, ಆಗಸ್ಟ್‌ನಲ್ಲಿ 5.4. ಆ ಆರು ತಿಂಗಳ ನಮ್ಮ ಮೈಬಾರ್ ಲೆಕ್ಕ ಸುಮಾರು 4.7ಕ್ಕೆ ಬಂದು ನಿಂತಿತು. ನಾವು ಕೊಡಬೇಕಿದ್ದದ್ದು 5.5. ವ್ಯತ್ಯಾಸ ಹೀಗೆ:

```
10,00,00,000 × (5.5 − 4.7)/100 × 183/365 ≈ 4,01,000
```

ಹೆಚ್ಚುಕಡಿಮೆ 4 ಲಕ್ಷ ನಮ್ಮ ಕೈಯಿಂದ ಹೋಯಿತು. ಕೊಡಗಿನಲ್ಲಿ ಸೆಪ್ಟೆಂಬರ್ ಅಂದರೆ ಮಳೆ ಇನ್ನೂ ಬಿಟ್ಟಿರಲ್ಲ, ಅರೇಬಿಕಾ ಕೊಯ್ಲಿಗೆ ಇನ್ನೂ ಸಮಯ, ಕ್ಯೂರಿಂಗ್ ಅಂಗಳ ಖಾಲಿ, ಖಾತೆಯೂ ಖಾಲಿ. "ದರ ಏರ್ತಾ ಇದೆ, ಆದ್ರೂ ನಾವೇ ಕೊಡಬೇಕಾ?" ಅಂದರು ಸಾಹುಕಾರರು. ಏರುವ ನಿರೀಕ್ಷೆ ಮೊದಲೇ ಆ 5.5ರಲ್ಲಿ ಸೇರಿತ್ತು. ದರ 5.5 ದಾಟಿದ ಮೇಲೆ ಮಾತ್ರ ದುಡ್ಡು ನಮ್ಮ ಕಡೆ ಬರುತ್ತದೆ. ಈ 4 ಲಕ್ಷವನ್ನು ನಾನು ಏಪ್ರಿಲ್‌ನಲ್ಲೇ ಬಜೆಟ್‌ನಲ್ಲಿ ಎತ್ತಿಟ್ಟಿದ್ದೆ, ಹಾಗಾಗಿ ತೊಂದರೆ ಆಗಲಿಲ್ಲ.

ಮುಂದಿನ ಲೆಕ್ಕ ಮಾರ್ಚ್ ಕೊನೆಗೆ. ಫೆಬ್ರವರಿ ಹೊತ್ತಿಗೆ ರೆಪೊ 6.5 ಮುಟ್ಟಿತ್ತು. ಈ ಸಲ ವ್ಯತ್ಯಾಸ ನಮ್ಮ ಖಾತೆಗೆ ಬಂತು. 2023ರ ಮಧ್ಯದಿಂದ ಮೈಬಾರ್ ಹೆಚ್ಚಿನ ದಿನ ರೆಪೊಗಿಂತ ಸ್ವಲ್ಪ ಮೇಲೆಯೇ ಇದ್ದುದರಿಂದ ಆರು ತಿಂಗಳಿಗೆ 5 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತಿತ್ತು. ಅತ್ತ ಸಾಲದ ಬಡ್ಡಿ 9ಕ್ಕೆ ಏರಿತ್ತು ಅನ್ನುವುದನ್ನು ಮರೆಯಬಾರದು. ಸ್ವಾಪಿನಲ್ಲಿ ಬಂದದ್ದು ಲಾಭ ಅಲ್ಲ, ಸಾಲದ ಕಡೆ ಹೆಚ್ಚಿಗೆ ಹೋದದ್ದು ತಿರುಗಿ ಬಂದದ್ದು. ನಾನು ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಹಾಕಿ ತೋರಿಸುತ್ತಿದ್ದೆ. ಬೇರೆ ಬೇರೆ ತೋರಿಸಿದರೆ ಒಂದು ಸಲ ಸ್ವಾಪ್ ದಂಡ ಅನ್ನಿಸುತ್ತದೆ, ಇನ್ನೊಂದು ಸಲ ಲಾಟರಿ ಅನ್ನಿಸುತ್ತದೆ.

ಬ್ಯಾಂಕ್ ಕಳಿಸುವ ಲೆಕ್ಕವನ್ನು ಹಾಗೇ ಒಪ್ಪಿಕೊಳ್ಳಬೇಡಿ. ಮೈಬಾರ್ ಕೆಲಸದ ದಿನಗಳಲ್ಲಿ ಪ್ರಕಟವಾಗುತ್ತದೆ. ಅದನ್ನು ಹಾಳೆಯಲ್ಲಿ ತುಂಬಿಸಿ, ದಿನದ ಬಡ್ಡಿಯನ್ನು ಬಡ್ಡಿಗೆ ಸೇರಿಸುತ್ತಾ ಹೋದರೆ ಸರಿಯಾದ ಮೊತ್ತ ಸಿಗುತ್ತದೆ. ಶನಿವಾರ, ಭಾನುವಾರ ಮತ್ತು ರಜೆಗಳಿಗೆ ಹಿಂದಿನ ಕೆಲಸದ ದಿನದ ದರವೇ ನಡೆಯುತ್ತದೆ. ಎರಡು ಮೊತ್ತ ತಾಳೆಯಾಗದಿದ್ದರೆ ನಾನು ಮೊದಲು ನೋಡುವುದು ಶುರುವಿನ ಮತ್ತು ಕೊನೆಯ ತಾರೀಖು, ಆಮೇಲೆ ರಜೆಗಳು.

2024ರಲ್ಲಿ ರೋಬಸ್ಟಾ ಬೆಲೆ ಜೋರಾಗಿ ಏರಿತು. ಸಾಹುಕಾರರ ತೋಟದ ದುಡ್ಡೂ ಕೈಯಲ್ಲಿತ್ತು. "ಈ ಸಾಲ ಪೂರ್ತಿ ತೀರಿಸಿಬಿಡೋಣ" ಅಂದರು. ಬಾಕಿ ಆಗ 12 ಕೋಟಿ. "ಸಾಲ ತೀರಿಸಿದ್ರೂ ಸ್ವಾಪ್ ತೀರಲ್ಲ ಸರ್, ಅದು ಬೇರೆ ಒಪ್ಪಂದ. ಸಾಲ ಹೋದ್ರೆ ಅದನ್ನೂ ಮುರಿಯಬೇಕು" ಅಂತ ನೆನಪಿಸಿದೆ. ಮುರಿಯುವ ಬೆಲೆ ಬ್ಯಾಂಕಿನಿಂದ ಕೇಳಿದೆ. ಇನ್ನು ಒಂದು ವರ್ಷಕ್ಕೆ ಮಾರುಕಟ್ಟೆಯ ಸ್ವಾಪ್ ದರ ಸುಮಾರು 6.7 ಇತ್ತು, ನಮ್ಮದು 5.5. ವ್ಯತ್ಯಾಸ 1.2 ಪರ್ಸೆಂಟ್, 10 ಕೋಟಿಗೆ 12 ಲಕ್ಷ. ಮುಂದೆ ಬರುವ ದುಡ್ಡನ್ನು ಇವತ್ತಿನ ಬೆಲೆಗೆ ಇಳಿಸಿದರೆ 11 ಲಕ್ಷದ ಆಸುಪಾಸು. ಬ್ಯಾಂಕ್ ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ನಮಗೆ ಕೊಡಲು ತಯಾರಿತ್ತು. ದರ ಉಲ್ಟಾ ಹೋಗಿ 4ರಲ್ಲೇ ನಿಂತಿದ್ದರೆ ಅದೇ ರೀತಿ 14 ಲಕ್ಷದ ಹತ್ತಿರ ನಾವೇ ಕೊಟ್ಟು ಹೊರಬರಬೇಕಿತ್ತು.

ಕೊನೆಗೆ 2 ಕೋಟಿ ಮಾತ್ರ ಮುಂಚಿತವಾಗಿ ಕಟ್ಟಿದೆವು. ಅದನ್ನು ಮುಂದಿನ ವರ್ಷದ ಕಂತುಗಳಿಗೇ ಜಮಾ ಮಾಡಬೇಕು ಅಂತ ಸಾಲದ ಬ್ಯಾಂಕಿನಿಂದ ಬರಹದಲ್ಲಿ ತೆಗೆದುಕೊಂಡೆ. ಹಾಗೆ ಮಾಡದೆ ಕಂತುಗಳೂ ಎಂದಿನಂತೆ ಕಟ್ಟಿದ್ದರೆ ಬಾಕಿ 10 ಕೋಟಿಗಿಂತ ಕೆಳಗೆ ಇಳಿಯುತ್ತಿತ್ತು. 2025ರ ಮಾರ್ಚ್‌ನಲ್ಲಿ ಸ್ವಾಪ್ ಮುಗಿದ ದಿನ ಸಾಲದ ಬಾಕಿ ಸರಿಯಾಗಿ 10 ಕೋಟಿ ಇತ್ತು.