ಒಂದೇ ಅಂಕ ಪಡೆದ ಇಬ್ಬರು ಮಕ್ಕಳು

ಚಳ್ಳಕೆರೆ ಕಡೆಯ ಒಂದು ಊರಿನ ನಾಲ್ಕನೇ ತರಗತಿಯ ಇಬ್ಬರು ಮಕ್ಕಳನ್ನು ಅವರ ಮೇಷ್ಟ್ರು ನನ್ನ ಹತ್ತಿರ ಕಳಿಸಿದ್ದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. "ಇಬ್ಬರಿಗೂ ಡಿಸ್ಲೆಕ್ಸಿಯಾ ಇರಬೇಕು, ನೋಡಿ ಮೇಡಂ" ಅಂದಿದ್ದರು. ಚೆನ್ನಾಗಿ ಕಲಿಸಿದರೂ ಓದು, ಬರಹ ಹಿಡಿಯಲು ಕಷ್ಟವಾಗುವ ತೊಂದರೆ ಅದು. ಪದಗಳ ಪಟ್ಟಿ ಕೊಟ್ಟು ಓದಿಸಿದೆ. ಒಂದು ನಿಮಿಷದಲ್ಲಿ ಇಬ್ಬರೂ ಸರಿಯಾಗಿ ಓದಿದ್ದು ಆರಾರು ಪದ. ಕಣ್ಣು, ಕಿವಿ ಪರೀಕ್ಷೆ ಮೊದಲೇ ಆಗಿತ್ತು, ತೊಂದರೆ ಇರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಾಗಿದ್ದರೆ ಇಬ್ಬರ ಹೆಸರನ್ನೂ ಡಿಸ್ಲೆಕ್ಸಿಯಾ ಇರುವವರ ಪಟ್ಟಿಗೆ ಬರೆದುಬಿಡುತ್ತಿದ್ದೆ. ಆಗ ಹಾಗೇ ಮಾಡಿದ್ದೇನೆ ಕೂಡ, ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ಈ ಸಲ ಮೊದಲು ಇಡೀ ತರಗತಿಯನ್ನು ಓದಿಸಿದೆ. ಇಪ್ಪತ್ತೆರಡು ಮಕ್ಕಳಲ್ಲಿ ಹದಿಮೂರು ಮಂದಿಗೆ ಒತ್ತಕ್ಷರ ಬರುತ್ತಿರಲಿಲ್ಲ. ಶಾಲೆಯಲ್ಲಿ ಇರುವವರೇ ಇಬ್ಬರು ಮೇಷ್ಟ್ರು, ಐದು ತರಗತಿ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದೇ ಕಡೆ ಎಡವುತ್ತಿದ್ದರೆ ಅದು ಕಲಿಸದೆ ಉಳಿದ ಪಾಠ. ಆದರೆ ಆ ಹದಿಮೂರರಲ್ಲೇ ಒಂದು ಮಗುವಿಗೆ ಡಿಸ್ಲೆಕ್ಸಿಯಾ ಇರಬಾರದು ಅಂತೇನಿಲ್ಲವಲ್ಲ.

ಉಕ್ತಲೇಖನ ಕೊಟ್ಟಾಗ ಮೊದಲ ವ್ಯತ್ಯಾಸ ಕಂಡಿತು. ಹುಡುಗ 'ಅಕ್ಕ'ವನ್ನು 'ಅಕ', 'ಹಬ್ಬ'ವನ್ನು 'ಹಬ', 'ಮಲ್ಲಿಗೆ'ಯನ್ನು 'ಮಲಿಗೆ' ಅಂತ ಬರೆದ. ಒತ್ತು ಬಿಟ್ಟರೆ ಉಳಿದದ್ದೆಲ್ಲ ಅದರದರ ಜಾಗದಲ್ಲೇ ಇತ್ತು. ಹುಡುಗಿಗೆ 'ಮಲ್ಲಿಗೆ' ಪದವನ್ನು ಬೇಕೆಂದೇ ಮೂರು ಸಲ ಹೇಳಿದೆ. ಅವಳು ಬರೆದದ್ದು 'ಮಲಗಿ', 'ಮಿಲಗೆ', 'ಮಗಿಲೆ'. ಗುಣಿತದ ಚಿಹ್ನೆ ಒಂದು ಅಕ್ಷರದಿಂದ ಇನ್ನೊಂದಕ್ಕೆ ಜಿಗಿದಿತ್ತು, ಅಕ್ಷರಗಳೇ ಹಿಂದುಮುಂದಾಗಿದ್ದವು. 'ಭೂಮಿ'ಯನ್ನು 'ಬೂಮಿ' ಅಂತ ಇಬ್ಬರೂ ಬರೆದಿದ್ದರು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಮ್ಮ ಕಡೆಯ ಮಾತಿನಲ್ಲಿ ಮಹಾಪ್ರಾಣ ಇರುವುದೇ ಅಪರೂಪ.

ಆಮೇಲೆ ಧ್ವನಿ ಅರಿವಿನ ಪರೀಕ್ಷೆ. ನಾನು ಹಿಂದೆ ತಪ್ಪಿದ್ದು ಇಲ್ಲೇ. "'ಕಿ'ಯಲ್ಲಿರುವ 'ಇ' ತೆಗೆದು 'ಊ' ಹಾಕಿದರೆ ಏನಾಗುತ್ತೆ?" ಅಂತ ಕೇಳಿದರೆ ಇಬ್ಬರೂ ಸುಮ್ಮನಾದರು. ಇಂಥ ಮೌನವನ್ನೇ ಡಿಸ್ಲೆಕ್ಸಿಯಾದ ಗುರುತು ಅಂತ ಆಗ ನಂಬಿದ್ದೆ. ಆದರೆ ನಮ್ಮ ಲಿಪಿಯಲ್ಲಿ 'ಕಿ' ಒಂದೇ ಅಕ್ಷರ. ಅದರೊಳಗೆ ಎರಡು ಧ್ವನಿ ಇದೆ ಅನ್ನುವ ತಿಳಿವು ಬಹುಮಟ್ಟಿಗೆ ಗುಣಿತ, ಒತ್ತು ಚೆನ್ನಾಗಿ ಕಲಿಯುತ್ತಾ ಕಲಿಯುತ್ತಾ ಬರುತ್ತದೆ. ಅವನ್ನು ಕಲಿಸಿಯೇ ಇಲ್ಲದ ಮಗುವಿಗೆ ಈ ಪ್ರಶ್ನೆ ಹಾಕಿದರೆ ಮತ್ತೆ ಪಾಠವನ್ನೇ ಅಳೆದಂತಾಗುತ್ತದೆ.

ಅದಕ್ಕೆ ಅಕ್ಷರ ಬಾರದ ಮಗುವೂ ಬಾಯಲ್ಲೇ ಮಾಡಬಹುದಾದ ಕೆಲಸ ಕೊಟ್ಟೆ. "'ಬಾಗಿಲು' ಅನ್ನು. ಈಗ 'ಗಿ' ಬಿಟ್ಟು ಹೇಳು." ಇಂಥ ಹತ್ತರಲ್ಲಿ ಹುಡುಗ ಒಂಬತ್ತು ಹೇಳಿದ, ಹುಡುಗಿ ನಾಲ್ಕು. 'ತಮಿಗೋಡು' ಅಂತ ಅರ್ಥವಿಲ್ಲದ ಪದ ಹೇಳಿ ತಿರುಗಿ ಹೇಳಿಸಿದರೆ ಅವಳ ಬಾಯಲ್ಲಿ 'ತಗಿಮೋಡು' ಆಗುತ್ತಿತ್ತು. ಹೂವು, ಮನೆ, ಹಸು ಹೀಗೆ ಐದೇ ಚಿತ್ರಗಳನ್ನು ಅದಲುಬದಲು ಮಾಡಿ ಐವತ್ತು ಮನೆ ತುಂಬಿದ ಹಾಳೆ ಕೊಟ್ಟು ಬೇಗ ಬೇಗ ಹೆಸರಿಸು ಅಂದೆ. ಹುಡುಗನಿಗೆ ಹಿಡಿದದ್ದು 58 ಸೆಕೆಂಡು, ತರಗತಿಯ ಉಳಿದವರದ್ದೂ ಹೆಚ್ಚುಕಡಿಮೆ ಅಷ್ಟೇ. ಅವಳಿಗೆ 96. ಚಿತ್ರಗಳೆಲ್ಲ ಗೊತ್ತು, ಹೆಸರು ನಾಲಿಗೆಗೆ ಬರಲು ತಡ.

ಅಲ್ಲಿಗೂ ತೀರ್ಮಾನ ಬರೆಯಲಿಲ್ಲ. ಹತ್ತು ವಾರ, ವಾರಕ್ಕೆ ಐದು ದಿನ, ಅರ್ಧ ಗಂಟೆ ಇಬ್ಬರಿಗೂ ಒಂದೇ ಪಾಠ ನಡೆಯಿತು. ಪ್ರತಿ ಶುಕ್ರವಾರ, ಕಲಿಸಿದ ಅಕ್ಷರಗಳಿಂದಲೇ ಕಟ್ಟಿದ ಸುಳ್ಳು ಪದಗಳನ್ನು ಓದಿಸುತ್ತಿದ್ದೆ. ಬಾಯಿಪಾಠ ಮಾಡಿದ ಪದ ನಮ್ಮನ್ನು ಮೋಸಗೊಳಿಸುತ್ತದೆ, 'ಗುಮ್ಮಿಸೆ' ಅಂಥದ್ದು ಮೋಸ ಮಾಡುವುದಿಲ್ಲ. ಹುಡುಗ ಮೂರನೇ ವಾರಕ್ಕೇ ಅದನ್ನು ಓದಿದ. ಕೊನೆಗೆ ಅವನು ನಿಮಿಷಕ್ಕೆ 24 ಪದ ಮುಟ್ಟಿದ. ಮನೆಯವರು ಎರಡು ವರ್ಷ ಕಾಫಿ ತೋಟದ ಕೆಲಸಕ್ಕೆ ಘಟ್ಟಕ್ಕೆ ಹೋದಾಗ ಅವನನ್ನೂ ಕರೆದುಕೊಂಡು ಹೋಗಿದ್ದರು ಅನ್ನುವುದು ಹಾಜರಿ ಪುಸ್ತಕದಲ್ಲಿ ಸಿಕ್ಕಿತು. ಹುಡುಗಿ ಹತ್ತಕ್ಕೆ ನಿಂತಳು. ಸೋಮವಾರ ಗಟ್ಟಿಯಾದ ಒತ್ತು ಗುರುವಾರಕ್ಕೆ ಇರುತ್ತಿರಲಿಲ್ಲ. "ಅಂಗಡಿ ಲೆಕ್ಕ ಎಲ್ಲಾ ಬಾಯಲ್ಲೇ ಮಾಡ್ತಾಳೆ ಮೇಡಂ, ಅಕ್ಷರ ಮಾತ್ರ ತಲೆಗೆ ಹತ್ತಲ್ಲ" ಅಂತ ಅವರಮ್ಮ ಹೇಳಿದ್ದನ್ನೂ ವರದಿಯಲ್ಲಿ ಬರೆದೆ.

ಅವಳನ್ನು ಜಿಲ್ಲಾ ಆಸ್ಪತ್ರೆಯ ಪೂರ್ಣ ತಪಾಸಣೆಗೆ ಕಳಿಸಿದ್ದೇನೆ. ಡಿಸ್ಲೆಕ್ಸಿಯಾ ಒಳಗೊಂಡ ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿರುವುದರಿಂದ ಪ್ರಮಾಣಪತ್ರ ಸಿಕ್ಕರೆ ಪರೀಕ್ಷೆಯಲ್ಲಿ ಅನುಕೂಲವಾಗುತ್ತದೆ. ಹುಡುಗನ ಕಡತವನ್ನೂ ಮುಚ್ಚಿಲ್ಲ. ಸೌಮ್ಯ ರೂಪದ ಡಿಸ್ಲೆಕ್ಸಿಯಾ ಒಳ್ಳೆಯ ಪಾಠಕ್ಕೆ ಸ್ವಲ್ಪ ಕಾಲ ಮರೆಯಾಗಿರಬಹುದು, ಹಾಗಾಗಿ ಆರು ತಿಂಗಳಿಗೆ ಮತ್ತೆ ಓದಿಸುತ್ತೇನೆ. ಉಳಿದ ಹನ್ನೊಂದು ಮಕ್ಕಳಿಗೆ ಈಗ ಮೇಷ್ಟ್ರು ದಿನಾ ಪ್ರಾರ್ಥನೆ ಮುಗಿದ ಮೇಲೆ ಇಪ್ಪತ್ತು ನಿಮಿಷ ಒತ್ತಕ್ಷರ ಹೇಳಿಕೊಡುತ್ತಿದ್ದಾರೆ.