ಪ್ಯಾನೆಲ್ ಸಂದರ್ಶನ: ಎದುರು ಕೂರುವವರು ಯಾರೆಂದು ಎಚ್‌ಆರ್ ಬಳಿ ಕೇಳುವುದು ಹೇಗೆ?

‘ಶುಕ್ರವಾರ ಬೆಳಿಗ್ಗೆ 11ಕ್ಕೆ ಪ್ಯಾನೆಲ್ ಸಂದರ್ಶನ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಘಟಕಕ್ಕೆ ಬನ್ನಿ’ ಎಂಬ ಎರಡು ಸಾಲಿನ ಮೇಲ್ ಬಂದಾಗ ಹೆಚ್ಚಿನ ಅಭ್ಯರ್ಥಿಗಳು ವೇಳೆ ಮತ್ತು ಜಾಗವನ್ನಷ್ಟೇ ನೋಡಿಕೊಂಡು ‘ಬರುತ್ತೇನೆ, ಧನ್ಯವಾದ’ ಎಂದು ಉತ್ತರಿಸಿ ಸುಮ್ಮನಾಗುತ್ತಾರೆ. ಹುಬ್ಬಳ್ಳಿಯಲ್ಲಿ ಕೆಲವು ವರ್ಷ ನೇಮಕಾತಿಯ ಕೆಲಸ ಮಾಡಿದ ನನಗೆ, ಪ್ಯಾನೆಲ್‌ನಲ್ಲಿ ಯಾರಿರುತ್ತಾರೆ ಎಂದು ಕೇಳಿದವರು ಕಂಡದ್ದು ಕಡಿಮೆ. ಕೇಳಿದವರಲ್ಲೂ ಅನೇಕರು ಹೆಸರನ್ನಷ್ಟೇ ಕೇಳುತ್ತಿದ್ದರು. ಆದರೆ ತಯಾರಿಗೆ ನಿಜವಾಗಿ ಬೇಕಾಗುವುದು ಅವರ ಹುದ್ದೆ ಮತ್ತು ವಿಭಾಗ. ಹೆಸರು ಅದರ ಜೊತೆಗೆ ಸಿಕ್ಕರೆ ಲಾಭ.

ಕೇಳುವ ಮೊದಲು ಬಂದ ಮಾಹಿತಿಯನ್ನು ಪೂರ್ತಿ ಓದಬೇಕು. ಸಂದರ್ಶನದ ಆಹ್ವಾನವನ್ನು ಕ್ಯಾಲೆಂಡರ್ ಮೂಲಕ ಕಳುಹಿಸಿದ್ದರೆ, ಅದನ್ನು ತೆರೆದಾಗ ಆಹ್ವಾನಿತರ ಪಟ್ಟಿ ಕಾಣಿಸುವುದುಂಟು. ಕೆಲವು ಕಂಪನಿಗಳು ಅದನ್ನು ಮರೆಮಾಡಿರುತ್ತವೆ. ಪಟ್ಟಿಯಲ್ಲಿ ಆಗಲೇ ಇರುವ ಹೆಸರನ್ನು ಮತ್ತೆ ಕೇಳಿದರೆ, ಮೇಲ್ ಓದದೇ ಉತ್ತರ ಬರೆದಿದ್ದಾರೆ ಎಂಬ ಭಾವನೆ ಬರುತ್ತದೆ. ಅಲ್ಲಿ ಹೆಸರಿದ್ದು ಹುದ್ದೆ ಇಲ್ಲದಿದ್ದರೆ ಹುದ್ದೆಯನ್ನು ಮಾತ್ರ ಕೇಳಬೇಕು.

ಬರುವುದಾಗಿ ಒಪ್ಪಿಗೆ ಕೊಡುವ ಮೇಲ್‌ನಲ್ಲಿಯೇ ಕೇಳುವುದು ಒಳ್ಳೆಯದು. ಆಗ ಸಂದರ್ಶನಕ್ಕೆ ಇನ್ನೂ ಎರಡು-ಮೂರು ದಿನ ಇರುತ್ತದೆ, ಎಚ್‌ಆರ್‌ನವರ ಕಡತವೂ ತೆರೆದೇ ಇರುತ್ತದೆ. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದರೆ ಉತ್ತರ ಬಾರದಿರುವ ಸಂಭವವೇ ಹೆಚ್ಚು. ಬಂದರೂ ಓದಿಕೊಳ್ಳಲು ಸಮಯವಿರುವುದಿಲ್ಲ. ಮೇಲ್ ಇಂಗ್ಲಿಷಿನಲ್ಲಿಯೇ ಇರಲಿ, ಅದು ರೂಢಿ. ಒಕ್ಕಣೆಯ ಹುರುಳು ಮಾತ್ರ ಹೀಗಿರಬೇಕು:

‘ಶುಕ್ರವಾರ 11 ಗಂಟೆಯ ಸಂದರ್ಶನಕ್ಕೆ ತಪ್ಪದೆ ಬರುತ್ತೇನೆ. ನನ್ನ ಕೆಲಸದ ಅನುಭವದಲ್ಲಿ ಪ್ರಸ್ತುತವಾದ ಉದಾಹರಣೆಗಳನ್ನು ಸಿದ್ಧಪಡಿಸಿಕೊಳ್ಳಲು, ಪ್ಯಾನೆಲ್‌ನಲ್ಲಿ ಯಾವ ಯಾವ ವಿಭಾಗದವರು ಮತ್ತು ಯಾವ ಹುದ್ದೆಯವರು ಇರುತ್ತಾರೆಂದು ತಿಳಿಸಲು ಸಾಧ್ಯವೇ? ಹೆಸರುಗಳನ್ನೂ ತಿಳಿಸಬಹುದಾದರೆ ಅನುಕೂಲ. ಎಲ್ಲರೂ ಒಟ್ಟಿಗೆ ಕೂರುತ್ತಾರೆಯೇ ಅಥವಾ ಒಬ್ಬರಾದ ಮೇಲೆ ಒಬ್ಬರು ಮಾತನಾಡಿಸುತ್ತಾರೆಯೇ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.’

ಈ ಒಕ್ಕಣೆಯಲ್ಲಿ ಹುದ್ದೆ ಮೊದಲು ಬಂದು ಹೆಸರು ಆಮೇಲೆ ಬಂದಿರುವುದಕ್ಕೆ ಕಾರಣವಿದೆ. ಹೆಸರು ಕೊಟ್ಟ ಮರುದಿನವೇ ಪ್ಯಾನೆಲ್‌ನವರಿಗೆ ‘ನಮ್ಮ ಹುಡುಗ, ಸ್ವಲ್ಪ ನೋಡ್ರಿ ಸಾಹೇಬ್ರ’ ಎಂಬ ಫೋನ್ ಹೋದದ್ದನ್ನು ನಮ್ಮ ಭಾಗದ ಬಹಳಷ್ಟು ಎಚ್‌ಆರ್‌ನವರು ನೋಡಿದ್ದಾರೆ. ನಾನು ಒಮ್ಮೆ ಇಂಥದೇ ಫೋನಿನಿಂದಾಗಿ ಮೇಲಧಿಕಾರಿಯಿಂದ ಮಾತು ಕೇಳಬೇಕಾಯಿತು. ಹೀಗಾಗಿ ಬರಿಯ ಹೆಸರು ಕೇಳಿದರೆ ವಶೀಲಿಯ ವಾಸನೆ ಬರುತ್ತದೆ; ವಿಭಾಗ ಕೇಳಿದರೆ ಓದುವ ಉದ್ದೇಶ ಕಾಣುತ್ತದೆ. ಹೆಸರು ಕೊಡಲು ಅನುಮತಿ ಇಲ್ಲದವರೂ ‘ಪ್ರೊಡಕ್ಷನ್‌ನವರೊಬ್ಬರು, ಕ್ವಾಲಿಟಿಯವರೊಬ್ಬರು’ ಎಂದು ಹೇಳಲು ಸಾಮಾನ್ಯವಾಗಿ ಹಿಂಜರಿಯುವುದಿಲ್ಲ.

ಎಚ್‌ಆರ್‌ನವರು ಫೋನಿನಲ್ಲಿಯೇ ಮಾತನಾಡಿದರೆ ಒಂದೇ ವಾಕ್ಯ ಸಾಕು: ‘ಮೇಡಂ, ಪ್ಯಾನೆಲ್‌ನಾಗ ಯಾವ ಯಾವ ಡಿಪಾರ್ಟ್‌ಮೆಂಟಿನವರು ಇರ್ತಾರ್ರಿ?’ ಅವರು ಹೇಳಿದ್ದನ್ನು ಬರೆದುಕೊಂಡು, ಹೆಸರಿನ ಅಕ್ಷರಗಳಲ್ಲಿ ಅನುಮಾನವಿದ್ದರೆ ಆಗಲೇ ಸರಿಪಡಿಸಿಕೊಳ್ಳಬೇಕು. ನೇಮಕಾತಿ ಏಜೆನ್ಸಿಯ ಮೂಲಕ ಹೋಗುತ್ತಿದ್ದರೆ ಏಜೆನ್ಸಿಯವರಿಗೇ ಪ್ಯಾನೆಲ್ ಗೊತ್ತಿಲ್ಲದಿರಬಹುದು. ಕಂಪನಿಯ ಎಚ್‌ಆರ್ ಬಳಿ ವಿಚಾರಿಸಿ ತಿಳಿಸಿರೆಂದು ಅವರನ್ನೇ ಕೋರಬೇಕೇ ಹೊರತು, ಅವರನ್ನು ದಾಟಿ ಕಂಪನಿಗೆ ನೇರವಾಗಿ ಬರೆಯಬಾರದು.

ಉತ್ತರ ಬಂತೆಂದಿಟ್ಟುಕೊಳ್ಳಿ, ಅದನ್ನು ಬಳಸುವುದು ಹೇಗೆ? ಗದಗಿನ ಯುವತಿಯೊಬ್ಬಳು ಹುಬ್ಬಳ್ಳಿಯ ಗೋಕುಲ ರಸ್ತೆಯ ಪಂಪ್ ಬಿಡಿಭಾಗಗಳ ಘಟಕವೊಂದರಲ್ಲಿ ಮೂರು ವರ್ಷ ತಪಾಸಣೆಯ ಕೆಲಸ ಮಾಡಿ, ಈಗ ವಾಹನ ಬಿಡಿಭಾಗಗಳ ಕಂಪನಿಯೊಂದಕ್ಕೆ ‘ಕ್ವಾಲಿಟಿ ಎಂಜಿನಿಯರ್’ ಎಂದು ಅರ್ಜಿ ಹಾಕಿದ್ದಾಳೆ ಎನ್ನೋಣ. ಜಾಹೀರಾತನ್ನು ನಂಬಿ ಅವಳು ಕಂಟ್ರೋಲ್ ಚಾರ್ಟಿನ ಸೂತ್ರಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಎಚ್‌ಆರ್ ಉತ್ತರದಲ್ಲಿ ಮೂವರಿದ್ದರು: ಪೂರೈಕೆದಾರರ ಗುಣಮಟ್ಟದ ಮ್ಯಾನೇಜರ್, ಮಷಿನ್ ಶಾಪ್‌ನ ಮುಖ್ಯಸ್ಥರು ಮತ್ತು ಎಚ್‌ಆರ್ ಅಧಿಕಾರಿ. ಮೊದಲ ಹುದ್ದೆಯೇ ಸುಳಿವು ಕೊಡುತ್ತದೆ. ಕೆಲಸ ಕಂಪನಿಯ ಒಳಗಿನ ತಪಾಸಣೆಗಿಂತ ಹೊರಗಿನಿಂದ ಬರುವ ಮಾಲಿನ ಕಡೆಗೆ ಹೆಚ್ಚು ವಾಲಿರುವ ಸಂಭವವಿದೆ. ಆದ್ದರಿಂದ ಪಿಪಿಎಪಿ, ಅಂದರೆ ಹೊಸ ಬಿಡಿಭಾಗಕ್ಕೆ ಒಪ್ಪಿಗೆ ಪಡೆಯಲು ಪೂರೈಕೆದಾರರು ಸಲ್ಲಿಸುವ ದಾಖಲೆಗಳ ಕಟ್ಟು, ಮತ್ತು ದೋಷದ ಮೂಲ ಹುಡುಕಿ ಸರಿಪಡಿಸಿದ್ದನ್ನು ಹಂತ ಹಂತವಾಗಿ ಬರೆಯುವ 8ಡಿ ವರದಿ, ಇವೆರಡನ್ನು ಅವಳು ಮೊದಲು ಓದಿಕೊಳ್ಳಬೇಕು, ಸೂತ್ರಗಳು ಆಮೇಲೆ.

ಹೊಸ ಅನುಭವವನ್ನೇನೂ ಅವಳು ಹುಡುಕಬೇಕಾಗಿಲ್ಲ. ಬೆಳಗಾವಿಯ ಫೌಂಡ್ರಿಯೊಂದರಿಂದ ಬಂದ ಕಾಸ್ಟಿಂಗ್‌ಗಳನ್ನು ಮಷಿನ್‌ಗೆ ಹಾಕಿದಾಗ ಮೇಲ್ಪದರದ ಕೆಳಗೆ ಅಡಗಿದ್ದ ಬ್ಲೋ ಹೋಲ್‌ಗಳು, ಅಂದರೆ ಎರಕದೊಳಗೆ ಅನಿಲ ಸಿಕ್ಕಿಕೊಂಡು ಉಂಟಾದ ತೂತುಗಳು, ತೆರೆದುಕೊಂಡದ್ದು, ಅವಳು ಆ ಲಾಟ್ ತಡೆದದ್ದು, ಈ ಒಂದೇ ಪ್ರಸಂಗ ಸಾಕು. ಪೂರೈಕೆದಾರರ ಗುಣಮಟ್ಟ ನೋಡುವವರಿಗೆ ಫೌಂಡ್ರಿಗೆ ಏನು ಬರೆದಳು, ಅವರು ಯಾವ ಕಾರಣ ಕೊಟ್ಟರು, ಮುಂದಿನ ಎಷ್ಟು ಲಾಟ್‌ಗಳನ್ನು ಬಿಗಿಯಾಗಿ ತಪಾಸಿಸಿದಳು ಎಂಬುದು ಬೇಕು. ಮಷಿನ್ ಶಾಪ್‌ನವರ ಚಿಂತೆ ಬೇರೆ: ಆ ದಿನ ಮಷಿನ್ ನಿಂತಿತೇ, ಒಳ್ಳೆಯ ಪೀಸ್‌ಗಳನ್ನು ಹೇಗೆ ಬೇರ್ಪಡಿಸಿದಿರಿ, ರವಾನೆ ತಡವಾಯಿತೇ? ಉತ್ತರವನ್ನು ಹೀಗೆ ಎರಡು ತುಂಡಾಗಿ ಬರೆದಿಟ್ಟುಕೊಂಡರೆ, ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರ ಉತ್ತರ ಹೇಳುವ ತಪ್ಪು ಆಗುವುದಿಲ್ಲ. ಎಚ್‌ಆರ್ ಅಧಿಕಾರಿಗೆ ನೋಟಿಸ್ ಅವಧಿ, ಈಗಿನ ಸಂಬಳ, ಶಿಫ್ಟಿಗೆ ಒಪ್ಪಿಗೆ, ಇಷ್ಟು ಸ್ಪಷ್ಟವಾಗಿದ್ದರೆ ಆಯಿತು.

ಹೆಸರು ಸಿಕ್ಕರೆ ಲಿಂಕ್ಡ್‌ಇನ್‌ನಲ್ಲಿ ನೋಡಬಹುದು. ಆದರೆ ನಮ್ಮ ಕಡೆ ‘ಎಸ್. ಬಿ. ಪಾಟೀಲ’ ಎಂದು ಹುಡುಕಿದರೆ ಬರುವ ಸಾಲು ಮುಗಿಯುವುದೇ ಇಲ್ಲ. ಹಿರೇಮಠ, ಕುಲಕರ್ಣಿಯರ ಕಥೆಯೂ ಅದೇ. ಕಂಪನಿ, ಹುದ್ದೆ, ಊರು ಈ ಮೂರೂ ಹೊಂದದಿದ್ದರೆ ಆ ಪ್ರೊಫೈಲನ್ನು ಬಿಟ್ಟುಬಿಡುವುದೇ ಕ್ಷೇಮ, ಏಕೆಂದರೆ ಬೇರೆ ಯಾರದೋ ಅನುಭವ ಓದಿಕೊಂಡು ಹೋಗುವುದು ಏನೂ ಓದದೆ ಹೋಗುವುದಕ್ಕಿಂತ ಕೆಟ್ಟದ್ದು. ಯಾರು ಪ್ರೊಫೈಲ್ ನೋಡಿದರೆಂಬುದು ಅವರಿಗೆ ತಿಳಿಯುವ ಸಾಧ್ಯತೆ ಇದೆ. ಬೇಡವೆನಿಸಿದರೆ ಖಾತೆಯ ಸೆಟ್ಟಿಂಗ್‌ನಲ್ಲಿ ಖಾಸಗಿ ವೀಕ್ಷಣೆಯನ್ನು ಆರಿಸಿಕೊಳ್ಳಬಹುದು. ನೋಡಿದ್ದರಲ್ಲಿ ತಪ್ಪೇನೂ ಇಲ್ಲ. ಸಂದರ್ಶನಕ್ಕೆ ಮುಂಚೆ ಸಂದೇಶ ಕಳುಹಿಸುವುದು, ಸಂಪರ್ಕಕ್ಕೆ ಕೋರಿಕೆ ಇಡುವುದು ಮಾತ್ರ ಬೇಡ.

‘ಪ್ಯಾನೆಲ್ ಇನ್ನೂ ನಿಗದಿಯಾಗಿಲ್ಲ’ ಎಂಬ ಉತ್ತರ ಬಂದರೆ ಅದು ನೆಪವೇ ಆಗಿರಬೇಕೆಂದಿಲ್ಲ. ಕಾರ್ಖಾನೆಗಳಲ್ಲಿ ಯಾರು ಬಿಡುವಾಗಿದ್ದಾರೆಂಬುದು ಹಿಂದಿನ ಸಂಜೆ ತೀರ್ಮಾನವಾಗುವುದು ಸಾಮಾನ್ಯ. ಒಂದು ದಿನ ಮುಂಚೆ ಒಮ್ಮೆ ನೆನಪಿಸಬಹುದು, ಎರಡನೆಯ ಸಲ ಬೇಡ. ‘ತಿಳಿಸಲು ಬರುವುದಿಲ್ಲ’ ಎಂದರೆ, ಸಂದರ್ಶನ ಎಷ್ಟು ಹೊತ್ತು ಮತ್ತು ತಾಂತ್ರಿಕ ಪ್ರಶ್ನೆಗಳಿರುತ್ತವೆಯೇ ಎಂದಷ್ಟೇ ಕೇಳಿ ನಿಲ್ಲಿಸಬೇಕು. ಸರ್ಕಾರಿ ನೇಮಕಾತಿಯಲ್ಲಂತೂ ಮಂಡಳಿಯ ಸದಸ್ಯರ ಹೆಸರು ಕೇಳುವ ಗೋಜಿಗೇ ಹೋಗಬಾರದು: ಪ್ರಭಾವ ಬೀರಲು ಯತ್ನಿಸಿದರೆ ಅನರ್ಹಗೊಳಿಸಲಾಗುವುದೆಂದು ಅಂಥ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ.

ಹೇಳಿದವರೇ ಬರುತ್ತಾರೆಂಬ ಖಾತರಿಯಿಲ್ಲ. ಮಷಿನ್ ಶಾಪ್‌ನವರು ಯಾವುದೋ ಬ್ರೇಕ್‌ಡೌನ್‌ಗೆ ಓಡಿ, ಅವರ ಕುರ್ಚಿಯಲ್ಲಿ ಮೆಂಟೆನೆನ್ಸ್‌ನವರು ಕೂತಿರಬಹುದು. ಆದ್ದರಿಂದ ಒಳಗೆ ಹೋದ ಕೂಡಲೇ ಹೆಸರು ಹಿಡಿದು ‘ನಮಸ್ಕಾರ’ ಎನ್ನದೆ, ಅವರು ಪರಿಚಯ ಹೇಳಿಕೊಳ್ಳುವವರೆಗೆ ಕಾಯಬೇಕು. ಹೊಸಬರು ಹೆಸರಷ್ಟೇ ಹೇಳಿ ನಿಂತರೆ, ‘ಸರ್, ತಾವು ಯಾವ ವಿಭಾಗ ನೋಡಿಕೊಳ್ಳುತ್ತೀರಿ?’ ಎಂದು ಆರಂಭದಲ್ಲಿಯೇ ಕೇಳಿಕೊಂಡು, ಬ್ಲೋ ಹೋಲಿನ ಕಥೆಯನ್ನು ಯಾವ ತುದಿಯಿಂದ ಎತ್ತಿಕೊಳ್ಳಬೇಕೆಂದು ಅಲ್ಲಿಯೇ ನಿರ್ಧರಿಸಬಹುದು.